ಆಫೀಸ್ ವೈಫೈ ಹೆಸರು ಸರಿಯಿದ್ದರೆ ಅದು ಅಸಲಿಯೇ? ನಕಲಿ ವೈಫೈ ಸಿಕ್ಕಿಬೀಳುವುದು ಹೇಗೆ?

“ಫೋನಿನಲ್ಲಿ ಒಂದೇ ಹೆಸರಿನ ಎರಡು ವೈಫೈ ಕಂಡರೆ ಒಂದು ಹ್ಯಾಕರ್‌ದು, ಒಂದೇ ಕಂಡರೆ ಭಯವಿಲ್ಲ.” ಇಂಥ ಸಲಹೆ ನಮ್ಮ ಫೋನ್‌ಗಳಿಗೆ ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಇದು ಅರ್ಧ ಸತ್ಯ, ಮತ್ತು ಅಪಾಯ ಇರುವುದು ಉಳಿದರ್ಧದಲ್ಲೇ.

ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ನಿಮ್ಮ ಆಫೀಸಿನ ಹೆಸರಿಟ್ಟರೂ ತಡೆಯುವವರಿಲ್ಲ. ಹೆಸರೂ ಭದ್ರತೆಯ ಬಗೆಯೂ ಒಂದೇ ಆಗಿದ್ದರೆ ಫೋನ್ ಎರಡನ್ನೂ ಸೇರಿಸಿ ಪಟ್ಟಿಯಲ್ಲಿ ಒಂದೇ ಸಾಲು ತೋರಿಸುತ್ತದೆ. ಎರಡು ಸಾಲು ಕಾಣುವುದು ಸಾಮಾನ್ಯವಾಗಿ ಒಂದಕ್ಕೆ ಪಾಸ್‌ವರ್ಡ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದಾಗ. ಅಂದರೆ ಎಚ್ಚರಿಕೆಯಿಂದ ಮಾಡಿದ ನಕಲಿ ವೈಫೈ ನಿಮ್ಮ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. ಅದು ಕಾಣುವುದು ಆಫೀಸಿನ ವೈಫೈ ಕಂಟ್ರೋಲರ್‌ಗೆ.

ಕಂಟ್ರೋಲರ್ ಹೇಗೆ ಕಂಡುಹಿಡಿಯುತ್ತದೆ?

ಆಫೀಸಿನ ಚಾವಣಿಯಲ್ಲಿ ಅಲ್ಲಲ್ಲಿ ಇರುವ ಬಿಳಿ ಡಬ್ಬಗಳೇ ಆಕ್ಸೆಸ್ ಪಾಯಿಂಟ್‌ಗಳು. ಅವೆಲ್ಲವನ್ನೂ ಒಂದೇ ಕಡೆಯಿಂದ ನಡೆಸುವುದು ಕಂಟ್ರೋಲರ್. ಪ್ರತಿ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನೂ ತನ್ನ ಗುರುತಿನ ಸಂಖ್ಯೆಯನ್ನೂ ಗಾಳಿಯಲ್ಲಿ ಸಾರುತ್ತಿರುತ್ತದೆ. ಈ ಸಂಖ್ಯೆಗೆ ಬಿಎಸ್‌ಎಸ್‌ಐಡಿ ಎನ್ನುತ್ತಾರೆ. ನೋಡಲು ಅದು `00:00:5E:00:53:10` ಎಂಬಂತೆ ಇರುತ್ತದೆ.

ನಮ್ಮ ಕೆಲಸ ಮಾಡುತ್ತಲೇ ಈ ಡಬ್ಬಗಳು ನಡುನಡುವೆ ಕ್ಷಣಮಾತ್ರ ಬೇರೆ ಚಾನೆಲ್‌ಗೆ ಹೋಗಿ ಅಕ್ಕಪಕ್ಕ ಯಾರು ಸಾರುತ್ತಿದ್ದಾರೆ ಎಂದು ಕೇಳಿಸಿಕೊಂಡು ಬರುತ್ತವೆ. ಕೇಳಿಸಿದ ಸಂಖ್ಯೆ ಕಂಟ್ರೋಲರ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು “ರೋಗ್”, ಅಂದರೆ ಅನುಮತಿ ಇಲ್ಲದ್ದು, ಎಂದು ಗುರುತಿಸಲಾಗುತ್ತದೆ. ಎಲ್ಲ ಚಾನೆಲ್ ಸುತ್ತಿ ಬರಲು ಸಮಯ ಬೇಕು. ಹಾಗಾಗಿ ನಕಲಿ ವೈಫೈ ಆನ್ ಆದ ತಕ್ಷಣ ಅಲರ್ಟ್ ಬರುವುದಿಲ್ಲ, ಕೆಲವು ನಿಮಿಷ ಹಿಡಿಯುತ್ತದೆ.

ರೋಗ್ ಎಂದರೆಲ್ಲ ಹ್ಯಾಕರ್ ಅಲ್ಲ

ಒಂದು ಆಫೀಸನ್ನು ಊಹಿಸಿಕೊಳ್ಳೋಣ. ಅದರ ವೈಫೈ ಹೆಸರು `Office-Staff`. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದನ್ನು ರಿಸೆಪ್ಶನ್‌ನಲ್ಲಿ ಬರೆದು ಅಂಟಿಸಿದ್ದಾರೆ. ಬೆಳಿಗ್ಗೆ ಕಂಟ್ರೋಲರ್ ತೆರೆದರೆ 31 ರೋಗ್‌ಗಳು. ಅವುಗಳಲ್ಲಿ 29 ಪಕ್ಕದ ಅಂಗಡಿ, ಮೇಲಿನ ಮಹಡಿಯ ವೈಫೈಗಳು. ಅವುಗಳ ಹೆಸರು ಬೇರೆ, ಸಿಗ್ನಲ್ −80ರ ಆಸುಪಾಸು. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು, ಪ್ರತಿ 10 ಅಂಕ ಇಳಿದರೆ ಬಲ ಹತ್ತನೇ ಒಂದು ಪಾಲಾಗುತ್ತದೆ. ನೆರೆಯವರ ವೈಫೈಗೆ ನಾವು ಮಾಡಬೇಕಾದ್ದೇನೂ ಇಲ್ಲ.

ಉಳಿದ ಎರಡನ್ನು ನೋಡಲು ಕೇಳಬೇಕಾದ ಪ್ರಶ್ನೆಗಳೂ ಎರಡೇ. ಅದು ನಮ್ಮ ಕೇಬಲ್‌ಗೆ ಸೇರಿದೆಯೇ? ಅದು ನಮ್ಮ ಹೆಸರು ಹೇಳಿಕೊಳ್ಳುತ್ತಿದೆಯೇ?

ಮೊದಲನೆಯದರ ಹೆಸರು `Accounts-WiFi`, ಸಿಗ್ನಲ್ −48, ಜೊತೆಗೆ “ನಮ್ಮ ಜಾಲದ ಕೇಬಲ್‌ನಲ್ಲಿದೆ” ಎಂಬ ಗುರುತು. ಈಗ ಐಟಿಯವರು ಅದು ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್‌ನಲ್ಲಿ ಹುಡುಕುತ್ತಾರೆ. ಸಿಸ್ಕೋ ಸ್ವಿಚ್ ಆದರೆ ಹೀಗೆ:

```
show mac address-table | include 0000.5e00.53
```

ಕೊನೆಯ ಎರಡು ಅಂಕಿ ಬಿಟ್ಟು ಹುಡುಕಲು ಕಾರಣವಿದೆ. ರೌಟರ್‌ನ ಕೇಬಲ್ ಕಡೆಯ ಸಂಖ್ಯೆ ಅದರ ವೈಫೈ ಸಂಖ್ಯೆಗಿಂತ ಸಾಮಾನ್ಯವಾಗಿ ಒಂದೆರಡು ಅಂಕಿ ಹಿಂದೆಮುಂದೆ ಇರುತ್ತದೆ. ಸಿಕ್ಕಿದ ಪೋರ್ಟು ಅಕೌಂಟ್ಸ್ ಕೋಣೆಯದು. ಅಲ್ಲಿ ಸಿಗ್ನಲ್ ಸರಿಯಾಗಿ ಬರುವುದಿಲ್ಲ ಎಂದು ಒಬ್ಬರು ಮನೆಯ ಹಳೇ ರೌಟರ್ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದರು, ಪಾಸ್‌ವರ್ಡ್ `12345678`. ಅವರಿಗೆ ಕೆಟ್ಟ ಉದ್ದೇಶವಿಲ್ಲ. ಆದರೆ ಹೊರಗೆ ಪಾರ್ಕಿಂಗ್‌ನಲ್ಲಿ ನಿಂತವರಿಗೂ ಆಫೀಸಿನ ಒಳಜಾಲಕ್ಕೆ ಬಾಗಿಲು ತೆರೆದಂತಾಯಿತು. ಪೋರ್ಟ್ ಮುಚ್ಚುವುದರ ಜೊತೆಗೆ ಆ ಕೋಣೆಗೆ ಸರಿಯಾದ ಸಿಗ್ನಲ್ ಕೊಡದಿದ್ದರೆ ನಾಳೆ ಇನ್ನೊಂದು ರೌಟರ್ ಬರುತ್ತದೆ.

ಅವಳಿ ವೈಫೈ ಸಿಕ್ಕಿದ್ದು ಹೇಗೆ?

ಎರಡನೆಯದರ ಹೆಸರು `Office-Staff`, ಥೇಟ್ ನಮ್ಮದೇ. ಆದರೆ ಸಂಖ್ಯೆ ನಮ್ಮ ಪಟ್ಟಿಯಲ್ಲಿಲ್ಲ, ಕೇಬಲ್‌ನಲ್ಲೂ ಇಲ್ಲ. ಇದೇ “ಈವಿಲ್ ಟ್ವಿನ್”, ಅಂದರೆ ದುಷ್ಟ ಅವಳಿ. ಗೋಡೆಯ ಮೇಲಿದ್ದ ಪಾಸ್‌ವರ್ಡನ್ನೇ ಅದಕ್ಕೂ ಇಟ್ಟಿದ್ದರಿಂದ ಫೋನ್‌ಗಳು ಕೇಳದೆಯೇ ಅದಕ್ಕೆ ಸೇರುತ್ತಿದ್ದವು. ಫೋನ್ ನೋಡುವುದು ಹೆಸರು ಮತ್ತು ಪಾಸ್‌ವರ್ಡ್, ಮಾಲೀಕ ಯಾರು ಎಂದಲ್ಲ.

ಗಾಬರಿಯಾಗುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಐಟಿಯವರೇ ಹೊಸ ಡಬ್ಬ ಹಾಕಿ ಕಂಟ್ರೋಲರ್‌ಗೆ ಸೇರಿಸಲು ಮರೆತಿದ್ದರೆ, ಅಥವಾ ಇನ್ನೊಂದು ಶಾಖೆಯ ಕಂಟ್ರೋಲರ್ ಪಕ್ಕದಲ್ಲೇ ಇದ್ದರೆ, ಇದೇ ಅಲರ್ಟ್ ಬರುತ್ತದೆ. ಇಲ್ಲಿ ಅದಲ್ಲ ಎಂದು ಖಚಿತವಾಯಿತು.

ಮುಂದೆ ಜಾಗ ಹುಡುಕುವುದು. ರಿಸೆಪ್ಶನ್ ಬಳಿಯ ಡಬ್ಬಕ್ಕೆ ಆ ಸಿಗ್ನಲ್ −52, ಮೀಟಿಂಗ್ ರೂಮಿಗೆ −67, ಮೇಲ್ಮಹಡಿಗೆ −84. ಅಂದರೆ ವಸ್ತು ಇರುವುದು ರಿಸೆಪ್ಶನ್ ಹತ್ತಿರ. ಅಲ್ಲಿಂದ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಿಡಿದು, ಆ ಒಂದೇ ಬಿಎಸ್‌ಎಸ್‌ಐಡಿಯ ಮೇಲೆ ಕಣ್ಣಿಟ್ಟು ನಡೆಯಬೇಕು. ಆಂಡ್ರಾಯ್ಡ್ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಆ್ಯಪ್‌ಗಳಿಗೆ ಹುಡುಕಲು ಬಿಡುತ್ತದೆ. ಆದ್ದರಿಂದ ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಲ್ಲದಿದ್ದರೆ ಹಳೇ ಅಂಕಿಯನ್ನೇ ನೋಡಿ ಮೋಸ ಹೋಗುತ್ತೀರಿ. ಸೋಫಾದ ಬಳಿ ಅಂಕಿ −30ಕ್ಕೆ ಏರಿತು. ಹಿಂದೆ ಪವರ್ ಬ್ಯಾಂಕ್‌ಗೆ ಕಟ್ಟಿದ ಅಂಗೈಯಗಲದ ರೌಟರ್ ಇತ್ತು.

ಅದನ್ನು ಕಿತ್ತೆಸೆದರೆ ಕೆಲಸ ಮುಗಿಯಲಿಲ್ಲ. ಫೋಟೊ ತೆಗೆದು, ಸಮಯ ಬರೆದು, ವಸ್ತುವನ್ನು ಜೋಪಾನವಾಗಿ ಇಡಬೇಕು. ಆ ರೋಗ್‌ಗೆ ಯಾವ ಯಾವ ಫೋನ್, ಲ್ಯಾಪ್‌ಟಾಪ್ ಸೇರಿದ್ದವು ಎಂಬುದನ್ನೂ ಹಲವು ಕಂಟ್ರೋಲರ್‌ಗಳು ತೋರಿಸುತ್ತವೆ. ಆ ಪಟ್ಟಿಯಲ್ಲಿದ್ದವರು ತಮ್ಮ ಪಾಸ್‌ವರ್ಡ್ ಬದಲಿಸಬೇಕು. 2024ರಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಪ್ರಕರಣದಲ್ಲಿ ಪೊಲೀಸರು ಹೇಳಿದ್ದೂ ಇದನ್ನೇ: ನಕಲಿ ವೈಫೈಗೆ ಸೇರಿದವರಿಗೆ ನಕಲಿ ಪುಟ ತೋರಿಸಿ ಇಮೇಲ್, ಸೋಶಿಯಲ್ ಮೀಡಿಯಾ ಪಾಸ್‌ವರ್ಡ್ ಕೇಳಲಾಗುತ್ತಿತ್ತು.

“ತಡೆಹಿಡಿ” ಬಟನ್ ಒತ್ತಬಹುದೇ?

ಹಲವು ಕಂಟ್ರೋಲರ್‌ಗಳಲ್ಲಿ `Contain` ಎಂಬ ಆಯ್ಕೆ ಇದೆ. ಒತ್ತಿದರೆ ರೋಗ್‌ಗೆ ಸೇರಿದವರನ್ನು ನಮ್ಮ ಡಬ್ಬಗಳು ಮತ್ತೆ ಮತ್ತೆ ಕಳಚಿಹಾಕುತ್ತವೆ. ಆದರೆ ಅದು ನೆರೆಯವರದ್ದೋ ಅತಿಥಿಯದ್ದೋ ಆಗಿದ್ದರೆ ತಪ್ಪು ನಮ್ಮದು. ಅತಿಥಿಗಳ ಸ್ವಂತ ಹಾಟ್‌ಸ್ಪಾಟ್‌ಗಳನ್ನು ಹೀಗೆ ತಡೆದಿದ್ದಕ್ಕೆ 2014ರಲ್ಲಿ ಅಮೆರಿಕದ ಮ್ಯಾರಿಯಟ್ 6 ಲಕ್ಷ ಡಾಲರ್ ದಂಡ ಕಟ್ಟಿತು. ಡಬ್ಲ್ಯುಪಿಎ3 ಭದ್ರತೆ ಇರುವ ವೈಫೈಗಳ ಮೇಲಂತೂ ಈ ತಂತ್ರ ನಡೆಯುವುದೇ ಇಲ್ಲ.

ಅಲರ್ಟ್ ಬರದಿದ್ದರೆ ನಿಶ್ಚಿಂತೆಯೇ?

ಇಲ್ಲ. ನಮ್ಮ ಡಬ್ಬಗಳಿಗೆ ಕೇಳಿಸುವಷ್ಟು ದೂರದಲ್ಲಿದ್ದರೆ ಮಾತ್ರ ಅಲರ್ಟ್. ಎದುರಿನ ಟೀ ಅಂಗಡಿಯಲ್ಲಿ ಅದೇ ಹೆಸರಿನ ವೈಫೈ ಇಟ್ಟುಕೊಂಡು ಕೂತವನು ಕಂಟ್ರೋಲರ್‌ಗೆ ಕಾಣುವುದಿಲ್ಲ, ಚಹಾ ಕುಡಿಯಲು ಹೋದ ನಿಮ್ಮ ಫೋನಿಗೆ ಕಾಣುತ್ತದೆ. ಇನ್ನೂ ಜಾಣ ಕಳ್ಳ ನಮ್ಮ ಡಬ್ಬದ ಸಂಖ್ಯೆಯನ್ನೇ ನಕಲು ಮಾಡಬಹುದು. ಅಂಥದ್ದು ಹತ್ತಿರವಿದ್ದರೆ `AP Impersonation` ಎಂಬ ಬೇರೆ ಅಲರ್ಟ್ ಬರುತ್ತದೆ.

ಆದ್ದರಿಂದ ಫಾರ್ವರ್ಡ್ ಮಾಡುವುದಾದರೆ ಹೀಗೆ ತಿದ್ದಿ: ಹೆಸರು ಗುರುತಲ್ಲ. ಗೋಡೆಯ ಮೇಲಿನ ಪಾಸ್‌ವರ್ಡ್ ತೆಗೆಸಿ, ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೇಳಿ. ಹಾಗೆ ಲಾಗಿನ್ ಆಗುವಾಗ ಫೋನ್ ಇದ್ದಕ್ಕಿದ್ದಂತೆ “ಈ ಸರ್ಟಿಫಿಕೇಟ್ ನಂಬಲೇ?” ಎಂದು ಕೇಳಿದರೆ ಹೌದು ಎನ್ನುವ ಮೊದಲು ಐಟಿಯವರಿಗೊಂದು ಫೋನ್ ಮಾಡಿ.