ಕಂಪ್ಯೂಟರ್ ಬಿಡಿಸಿದ್ದು ಯಾವ ಲೆಕ್ಕ?

ಹತ್ತನೇ ತರಗತಿಯ ಪುಸ್ತಕದಲ್ಲಿ ಇರಬಹುದಾದ ಒಂದು ಜೋಡಿ ಸಮೀಕರಣ ನೋಡಿ:

```
0.0001x + y = 1
     x + y = 2
```

ಸರಿಯಾಗಿ ಬಿಡಿಸಿದರೆ x ಸುಮಾರು 1.0001, y ಸುಮಾರು 0.9999. ಇದನ್ನೀಗ ಒಂದು ಬಡ ಯಂತ್ರಕ್ಕೆ ಕೊಡೋಣ. ಯಾವ ಸಂಖ್ಯೆಯಾದರೂ ಅದರ ಮೊದಲ ಮೂರು ಅಂಕಿಗಳನ್ನಷ್ಟೇ ಅದು ಉಳಿಸಿಕೊಳ್ಳಬಲ್ಲದು. 9,998 ಅಂದರೆ ಅದಕ್ಕೆ 10,000. ಇಂದಿನ ಕಂಪ್ಯೂಟರುಗಳು ಸಾಮಾನ್ಯವಾಗಿ 16 ಅಂಕಿ ಇಟ್ಟುಕೊಳ್ಳುತ್ತವೆ, ಅಷ್ಟೇ ವ್ಯತ್ಯಾಸ.

ಯಂತ್ರ ವರ್ಜಿಸುವ ವಿಧಾನ ಹಿಡಿಯುತ್ತದೆ. ಮೊದಲನೆಯ ಸಮೀಕರಣವನ್ನು 10,000ದಿಂದ ಗುಣಿಸಿ ಎರಡನೆಯದರಿಂದ ಕಳೆದರೆ x ಹೋಗುತ್ತದೆ. ಉಳಿಯಬೇಕಾದದ್ದು −9,999y = −9,998. ಯಂತ್ರದಲ್ಲಿ ಎರಡೂ −10,000 ಆಗುತ್ತವೆ. ಹಾಗಾಗಿ y = 1. ಅದನ್ನು ಮೊದಲ ಸಮೀಕರಣಕ್ಕೆ ಹಾಕಿದರೆ x = 0. y ಪರವಾಗಿಲ್ಲ, x ಮಾತ್ರ ಪೂರ್ತಿ ಹಾಳು.

ಈಗ ಸಮೀಕರಣಗಳ ಸಾಲು ಅದಲು ಬದಲು ಮಾಡಿ, x + y = 2 ಅನ್ನು ಮೇಲಿಟ್ಟು ಶುರು ಮಾಡೋಣ. ಅದನ್ನು 0.0001ರಿಂದ ಗುಣಿಸಿ ಕಳೆದರೆ 0.9999y = 0.9998. ದುಂಡಾಗಿಸಿದರೆ y = 1, ಆಮೇಲೆ x = 1. ಯಂತ್ರ ಅದೇ, ಅಂಕಿ ಮೂರೇ, ಆದರೂ ಉತ್ತರ ಒಪ್ಪುವಂಥದ್ದು. ದೊಡ್ಡ ಗುಣಾಂಕವನ್ನು ಹೀಗೆ ಮುಂದಕ್ಕೆ ತರುವುದಕ್ಕೆ ಪಿವೋಟಿಂಗ್ ಎನ್ನುತ್ತಾರೆ.

ಉತ್ತರ ನಿಜಕ್ಕೆ ಎಷ್ಟು ದೂರ ಎಂದು ಕೇಳುವುದು ಸಹಜ. ಆದರೆ ನಿಜವಾದ ಉತ್ತರ ನಮಗೆ ಗೊತ್ತಿದ್ದರೆ ಲೆಕ್ಕವನ್ನೇ ಮಾಡುತ್ತಿರಲಿಲ್ಲವಲ್ಲ! ಇಂಗ್ಲೆಂಡಿನ ಜೇಮ್ಸ್ ವಿಲ್ಕಿನ್ಸನ್ ಪ್ರಶ್ನೆಯನ್ನೇ ತಿರುಗಿಸಿದರು: ಬಂದ ಈ ಉತ್ತರ ಯಾವ ಲೆಕ್ಕಕ್ಕೆ ಚಾಚೂ ತಪ್ಪದೆ ಹೊಂದುತ್ತದೆ? ಆ ಲೆಕ್ಕಕ್ಕೂ ನಾವು ಕೊಟ್ಟ ಲೆಕ್ಕಕ್ಕೂ ಇರುವ ಅಂತರವೇ ಬ್ಯಾಕ್‌ವರ್ಡ್ ಎರರ್, ಅಂದರೆ ಹಿಮ್ಮುಖ ದೋಷ.

ನಮ್ಮ ಎರಡು ಉತ್ತರಗಳನ್ನೂ ಹೀಗೆ ವಿಚಾರಿಸೋಣ. x = 1, y = 1 ಎಂಬುದು x + y = 2ಕ್ಕೆ ಸರಿಹೊಂದುತ್ತದೆ. ಇನ್ನೊಂದರಲ್ಲಿ ಎಡಗಡೆ 1.0001 ಬರುತ್ತದೆ. ಅಂದರೆ ಬಲಗಡೆಯ 1 ಅನ್ನು 1.0001 ಎಂದು ತಿದ್ದಿದರೆ ಇದು ಕರಾರುವಾಕ್ಕಾದ ಉತ್ತರ. ತಿದ್ದಿದ್ದು ಹತ್ತು ಸಾವಿರದಲ್ಲಿ ಒಂದು ಪಾಲು. ಈ ಯಂತ್ರಕ್ಕೆ 1 ಮತ್ತು 1.0001ರ ನಡುವಿನ ವ್ಯತ್ಯಾಸವೇ ಕಾಣದು; ಅದರಿಂದ ಇನ್ನೇನು ಕೇಳಲು ಸಾಧ್ಯ?

x = 0, y = 1ರ ಕಥೆ ಬೇರೆ. ಕಳೆಯುವಾಗ ಏನಾಯಿತು ನೋಡಿ: 1 − 10,000ದಲ್ಲಿ ಆ 1 ಅಳಿಸಿಹೋಯಿತು, 2 − 10,000ದಲ್ಲಿ ಆ 2 ಕೂಡ. ಎರಡನೆಯ ಸಮೀಕರಣ x + 0y = 0 ಎಂದಿದ್ದರೂ ಯಂತ್ರ ಇದೇ −10,000ಗಳನ್ನು ಬರೆದುಕೊಳ್ಳುತ್ತಿತ್ತು. ಅದು ಬಿಡಿಸಿದ್ದು ಆ ಲೆಕ್ಕವನ್ನೇ, ಅದೂ ಸರಿಯಾಗಿ. ಕೊಟ್ಟ ಲೆಕ್ಕವನ್ನು ಎಷ್ಟೇ ಜಾಣತನದಿಂದ ತಿದ್ದಿದರೂ, ಈ ಉತ್ತರ ಹೊಂದಬೇಕಾದರೆ ಯಾವುದಾದರೊಂದು ಅಂಕಿಯನ್ನು ಮೂರನೇ ಒಂದು ಪಾಲಿನಷ್ಟಾದರೂ ಬದಲಿಸಲೇಬೇಕು. ಹೀಗಾಗಿ ಮೊದಲ ದಾರಿ ಅಸ್ಥಿರ, ಎರಡನೆಯದು ಸ್ಥಿರ.

ವಿಲ್ಕಿನ್ಸನ್‌ಗೆ ಇದರ ಸುಳಿವು ಸಿಕ್ಕಿದ್ದು ಟೆಡಿಂಗ್ಟನ್‌ನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ. 1946ರಲ್ಲಿ ಅವರು ಅಲ್ಲಿಗೆ ಬಂದ ಮೇಲೆ 18 ಸಮೀಕರಣಗಳ ಒಂದು ಲೆಕ್ಕ ಎದುರಾಯಿತು. ಆಲನ್ ಟ್ಯೂರಿಂಗ್ ಸೇರಿದಂತೆ ಸಹೋದ್ಯೋಗಿಗಳ ಜೊತೆ ಮೇಜಿನ ಲೆಕ್ಕಯಂತ್ರಗಳಲ್ಲಿ ಬಿಡಿಸಿದರು. ಸಮೀಕರಣ ಹೆಚ್ಚಿದಂತೆ ದೋಷ ಗುಣಿಸಿಕೊಂಡು ಬೆಳೆಯುತ್ತದೆ ಎಂಬ ಭಯ ಆಗ ವಿದ್ವಾಂಸರಲ್ಲಿತ್ತು. ಈ ಲೆಕ್ಕದಲ್ಲೂ ಕೆಲವು ಅಂಕಿಗಳು ನಷ್ಟವಾಗಿದ್ದಂತೆ ಕಂಡಿತು. ಆದರೆ ಉತ್ತರವನ್ನು ಮೂಲ ಸಮೀಕರಣಗಳಿಗೆ ಹಾಕಿ ನೋಡಿದರೆ ಬಲಗಡೆಯ ಬೆಲೆಗಳು ಹತ್ತು ಅಂಕಿಗಳವರೆಗೂ ಕೂಡಿಬಂದವು. ಈ ಒಗಟನ್ನು ಅವರು ಮುಂದೆ ಸಿದ್ಧಾಂತವಾಗಿ ಬಿಡಿಸಿದರು. 1970ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಹಾಗೆ ಹಾಕಿ ನೋಡುವುದೇ ಇಂದಿಗೂ ಪರೀಕ್ಷೆ. ಉಳಿಯುವ ವ್ಯತ್ಯಾಸ ಚಿಕ್ಕದಾದರೆ ಹಿಮ್ಮುಖ ದೋಷ ಚಿಕ್ಕದು. ಆದರೆ ಉತ್ತರವೂ ನಿಜಕ್ಕೆ ಹತ್ತಿರ ಎಂದು ಅದರಿಂದ ಹೇಳಲಾಗದು. ಈ ಜೋಡಿ ನೋಡಿ:

```
x +      y = 2
x + 1.001y = 2.001
```

ಉತ್ತರ x = 1, y = 1. ಬಲಗಡೆಯ 2.001 ಅನ್ನು 2.002 ಮಾಡಿದರೆ ಉತ್ತರ x = 0, y = 2ಕ್ಕೆ ಜಿಗಿಯುತ್ತದೆ! ಹೆಚ್ಚುಕಡಿಮೆ ಸಮಾನಾಂತರವಾಗಿರುವ ಈ ಎರಡು ಗೆರೆಗಳು ಕೂಡುವ ಬಿಂದು ಸ್ವಲ್ಪ ಅಲುಗಿದರೂ ಎಲ್ಲೋ ಹೋಗುತ್ತದೆ. ಇಲ್ಲಿ ವಿಧಾನವನ್ನು ದೂರಿ ಫಲವಿಲ್ಲ, ಲೆಕ್ಕವೇ ಸೂಕ್ಷ್ಮ. ಆ ಸೂಕ್ಷ್ಮತೆಯ ಅಳತೆಗೆ ಕಂಡಿಷನ್ ನಂಬರ್ ಎಂದು ಹೆಸರು. ಇಲ್ಲಿ ಅದು ಸುಮಾರು 4,000. ದತ್ತಾಂಶದ ಒಂದು ಪಾಲು ತಪ್ಪು ಉತ್ತರದಲ್ಲಿ ನಾಲ್ಕು ಸಾವಿರ ಪಾಲಿನವರೆಗೂ ಆಗಬಹುದು. ಮೂರಂಕಿಯ ಯಂತ್ರಕ್ಕೆ ಏನೂ ಉಳಿಯದು. 16 ಅಂಕಿಯ ಯಂತ್ರದಲ್ಲಿ ಸ್ಥಿರ ವಿಧಾನ ಬಳಸಿದರೆ ಹನ್ನೆರಡರಷ್ಟು ಅಂಕಿಗಳನ್ನು ನಂಬಬಹುದು, ನಾವು ಕೊಟ್ಟ 1.001 ಅಷ್ಟೇ ನಿಖರವಾಗಿದ್ದರೆ.