ವರ್ಷಕ್ಕೊಮ್ಮೆ ನಿಮ್ಮ ಹೂಡಿಕೆಯ ತಕ್ಕಡಿ ನೋಡಿ

ನಿಮಗೆ 28 ವರ್ಷ, ಕೈಯಲ್ಲಿ 10 ಲಕ್ಷ ರೂಪಾಯಿ ಇದೆ ಅಂದ್ಕೊಳ್ಳಿ. ವಯಸ್ಸು ಚಿಕ್ಕದು, ಎಲ್ಲಾ ಷೇರಿಗೇ ಹಾಕೋಣ ಅನ್ಸುತ್ತೆ. ನಿವೃತ್ತಿಗೆ ಇಟ್ಟ ಹಣವಾದ್ರೆ ಸರಿ, ಮಾರುಕಟ್ಟೆ ಬಿದ್ರೂ ಚೇತರಿಸಿಕೊಳ್ಳೋಕೆ 30 ವರ್ಷ ಇದೆ. ಆದ್ರೆ ಎರಡು ವರ್ಷದಲ್ಲಿ ಮದುವೆಗೆ ಬೇಕಾದ ಹಣ ಎಫ್‌ಡಿಯಲ್ಲೇ ಇರಬೇಕು.

ಇದು ಎಂಟು ವರ್ಷದ ನಂತರ ಮನೆ ಕೊಳ್ಳೋ ಹಣ ಅನ್ನೋಣ. 6 ಲಕ್ಷ ಈಕ್ವಿಟಿ ಫಂಡಿಗೆ, 4 ಲಕ್ಷ ಎಫ್‌ಡಿಗೆ ಹಾಕಿದ್ರಿ. ಒಂದು ವರ್ಷದಲ್ಲಿ ಫಂಡ್ ಶೇ 30 ಏರಿ 7.80 ಲಕ್ಷ ಆಯ್ತು. ಎಫ್‌ಡಿ ಶೇ 7ರಂತೆ 4.28 ಲಕ್ಷ. ಈಗ ಷೇರಿನ ಪಾಲು ಶೇ 60 ಅಲ್ಲ, ಸುಮಾರು 65. ನೀವೇನೂ ಮಾಡದೇ ರಿಸ್ಕ್ ಹೆಚ್ಚಾಗಿದೆ.

ಮತ್ತೆ 60ಕ್ಕೆ ತರೋಕೆ ಸುಮಾರು 55 ಸಾವಿರ ರೂಪಾಯಿ ಫಂಡ್‌ನಿಂದ ಎಫ್‌ಡಿಗೆ ಹೋಗಬೇಕು. ಮಾರಿದ್ರೆ ಲಾಭಕ್ಕೆ ತೆರಿಗೆ ಬೀಳಬಹುದು. ಅದಕ್ಕೇ ಕೆಲವು ತಿಂಗಳು ಹೊಸ ಉಳಿತಾಯವನ್ನ ಎಫ್‌ಡಿಗೇ ಹಾಕಿದ್ರೂ ಆಯ್ತು.

ಮಾರುಕಟ್ಟೆ ಬಿದ್ದ ವರ್ಷ ಇದೇ ಲೆಕ್ಕ ಉಲ್ಟಾ: ಹೊಸ ಹಣ ಷೇರಿಗೆ. ಆಗ ಭಯ ಆಗುತ್ತೆ, ಆದ್ದರಿಂದ ಹುಟ್ಟುಹಬ್ಬದಂಥ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮಾರುಕಟ್ಟೆ ಸತತ ಏರಿದ್ರೆ ಲಾಭ ಸ್ವಲ್ಪ ಕಡಿಮೆಯಾಗುತ್ತೆ, ನಿಜ. ಆದ್ರೆ ಮನೆ ಕೊಳ್ಳೋ ವರ್ಷವೇ ಮಾರುಕಟ್ಟೆ ಕುಸಿದ್ರೆ? ಅದಕ್ಕೇ ಕೊನೆಯ ಮೂರು ವರ್ಷದಲ್ಲಿ ಆ 60 ಅನ್ನೂ ಹಂತಹಂತವಾಗಿ ಇಳಿಸ್ತಾ ಬನ್ನಿ.