ದಿನಕ್ಕೊಮ್ಮೆ ಬಡ್ಡಿ ಸೇರಿದರೆ ಎಷ್ಟು ಲಾಭ?

ಒಂದು ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇ. 8ರ ದರದಲ್ಲಿ ಠೇವಣಿ ಇಟ್ಟರೆ, ವರ್ಷದ ಕೊನೆಗೆ ಒಮ್ಮೆ ಮಾತ್ರ ಬಡ್ಡಿ ಸೇರುವಲ್ಲಿ 8,000 ರೂಪಾಯಿ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿದರೆ ಅದು 8,243 ರೂಪಾಯಿ, ತಿಂಗಳಿಗೊಮ್ಮೆ ಸೇರಿದರೆ 8,300, ದಿನಕ್ಕೊಮ್ಮೆ ಸೇರಿದರೆ 8,328. ಬಡ್ಡಿ ಸೇರುವುದು 12 ಸಲದಿಂದ 365 ಸಲಕ್ಕೆ ಏರಿದರೂ ಹೆಚ್ಚು ದೊರೆಯುವುದು ಸುಮಾರು 28 ರೂಪಾಯಿ ಮಾತ್ರ.

ಇದರ ಕಾರಣ ಚಕ್ರಬಡ್ಡಿಯ ಒಳಗೇ ಇದೆ. ಅಸಲಿನ ಮೇಲೆ ಬರುವ 8,000 ರೂಪಾಯಿ ಎಲ್ಲ ಕ್ರಮದಲ್ಲೂ ಒಂದೇ. ಬದಲಾಗುವುದು ಬಡ್ಡಿಯ ಮೇಲಿನ ಬಡ್ಡಿ. ಅದು ಬಡ್ಡಿಯ ಹಣ ಎಷ್ಟು ಕಾಲ ಖಾತೆಯಲ್ಲಿ ದುಡಿಯುತ್ತದೆ ಎಂಬುದನ್ನು ಅವಲಂಬಿಸಿದೆ. ತಿಂಗಳಿಗೊಮ್ಮೆ ಸೇರುವಾಗ ಮೊದಲ ಕಂತಿನ ಬಡ್ಡಿಗೆ 11 ತಿಂಗಳು ದುಡಿಯಲು ಸಿಗುತ್ತದೆ, ಕೊನೆಯ ಕಂತಿಗೆ ಒಂದು ದಿನವೂ ಇಲ್ಲ. ಸರಾಸರಿ ಐದೂವರೆ ತಿಂಗಳು. 8,000 ರೂಪಾಯಿಗೆ ಐದೂವರೆ ತಿಂಗಳ ಬಡ್ಡಿ ಸುಮಾರು 293 ರೂಪಾಯಿ. ದಿನಕ್ಕೊಮ್ಮೆ ಸೇರಿದರೆ ಸರಾಸರಿ ಅವಧಿ 182 ದಿನ, ಬಡ್ಡಿ ಸುಮಾರು 319 ರೂಪಾಯಿ. ಬಡ್ಡಿಯ ಬಡ್ಡಿಗೂ ಬರುವ ಬಡ್ಡಿ ಎಂಟೊಂಬತ್ತು ರೂಪಾಯಿ ದಾಟುವುದಿಲ್ಲ.

ಬಡ್ಡಿ ಪ್ರತಿ ಕ್ಷಣವೂ ಸೇರುತ್ತದೆ ಎಂದುಕೊಂಡರೂ ಈ ಸರಾಸರಿ ಆರು ತಿಂಗಳನ್ನು ಮೀರಲಾರದು, ಏಕೆಂದರೆ ವರ್ಷವಿಡೀ ಸಮನಾಗಿ ಹುಟ್ಟುವ ಬಡ್ಡಿಗೆ ಸರಾಸರಿ ಅರ್ಧ ವರ್ಷವೇ ಉಳಿದಿರುತ್ತದೆ. ಮಿತಿ ಇರುವುದು ಇಲ್ಲಿಯೇ. ಶೇ. 8ರ ದರಕ್ಕೆ ಆ ಮಿತಿ 8,328.71 ರೂಪಾಯಿ, ದಿನದ ಲೆಕ್ಕ 8,327.76 ರೂಪಾಯಿಯನ್ನು ಆಗಲೇ ಮುಟ್ಟಿರುತ್ತದೆ. ಗಂಟೆಗೊಮ್ಮೆ ಸೇರಿಸಿದರೂ ಇನ್ನೊಂದು ರೂಪಾಯಿ ಸಿಗದು.

ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೌಲಿ 1683ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಶೇ. 100ರ ಬಡ್ಡಿಯಲ್ಲೂ ಒಂದು ರೂಪಾಯಿಯಂಥ ಮೊತ್ತ ವರ್ಷದಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲುತ್ತದೆಂದು ಕಂಡುಕೊಂಡನು. ಆ ಮಿತಿಯೇ 2.71828..., ಮುಂದೆ ಆಯ್ಲರ್ e ಎಂದು ಗುರುತಿಸಿದ ಸಂಖ್ಯೆ. ಯಾವುದೇ ದರ r ಇದ್ದರೂ ಒಂದು ರೂಪಾಯಿ ವರ್ಷದಲ್ಲಿ ಬೆಳೆಯಬಲ್ಲ ಗರಿಷ್ಠ ಮೊತ್ತ:

```
e^r
```

ಶೇ. 8ಕ್ಕೆ r = 0.08.

ದರ ಏರಿದಂತೆ ಅಂತರವೂ ಹಿಗ್ಗುತ್ತದೆ. ಶೇ. 42ರ ಬಡ್ಡಿಯ ಸಾಲದಲ್ಲಿ ತಿಂಗಳ ಲೆಕ್ಕದಿಂದ ವರ್ಷದ ನಿಜವಾದ ಹೊರೆ ಶೇ. 51.11, ದಿನದ ಲೆಕ್ಕದಿಂದ ಶೇ. 52.16. ಠೇವಣಿಯ ಸಾಮಾನ್ಯ ದರಗಳಲ್ಲಿ ಮಾತ್ರ ದರವೇ ಮುಖ್ಯ: ತಿಂಗಳಿಗೊಮ್ಮೆ ಸೇರುವ ಶೇ. 8.03, ದಿನಕ್ಕೊಮ್ಮೆ ಸೇರುವ ಶೇ. 8ಕ್ಕಿಂತ ಹೆಚ್ಚು ಕೊಡುತ್ತದೆ.

ಭಾರತದ ಉಳಿತಾಯ ಖಾತೆಗಳಲ್ಲಿ 2010ರ ಏಪ್ರಿಲ್‌ನಿಂದ ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಎಣಿಸಲಾಗುತ್ತದೆ. ಇದು ದಿನಕ್ಕೊಮ್ಮೆ ಚಕ್ರಬಡ್ಡಿಯಲ್ಲ. ಎಣಿಸಿದ ಬಡ್ಡಿ ಖಾತೆಗೆ ಜಮೆಯಾಗುವವರೆಗೆ ಅದರ ಮೇಲೆ ಬಡ್ಡಿ ಹುಟ್ಟುವುದಿಲ್ಲ.